‘ಎರಡನೆಯದಕ್ಕೆ ಒಪ್ಪಿಗೆಯೇ?’: ಫಾರ್ವರ್ಡ್ ಆದ ಮೇಲ್‌ನಲ್ಲಿ ಕಾಣದೆ ಉಳಿದ ಮಾತು

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ಸಂಘವನ್ನು ಊಹಿಸಿಕೊಳ್ಳಿ. ಅಲ್ಲಿ ಎರಡು ಲಿಫ್ಟ್‌ಗಳಿವೆ. ವಾರ್ಷಿಕ ನಿರ್ವಹಣೆಯ ಗುತ್ತಿಗೆಯ ಅವಧಿ ಮುಗಿಯುತ್ತಾ ಬಂದಿದೆ. ಹೊಸ ಗುತ್ತಿಗೆಗಾಗಿ ಸಂಘದ ಕಾರ್ಯದರ್ಶಿ ಒಂದು ಲಿಫ್ಟ್ ಕಂಪನಿಯ ಜೊತೆ ಹತ್ತು ದಿನಗಳಿಂದ ಇ-ಮೇಲ್‌ನಲ್ಲಿ ಮಾತುಕತೆ ನಡೆಸಿದ್ದಾರೆ. ಹಣದ ವಿಷಯವಾದ್ದರಿಂದ ಕೊನೆಯ ಮೇಲ್ ಅನ್ನು ಖಜಾಂಚಿಯವರಿಗೆ ಫಾರ್ವರ್ಡ್ ಮಾಡಿ ಮೇಲ್ಗಡೆ ಹೀಗೆ ಬರೆಯುತ್ತಾರೆ: ‘ಮೇಡಂ, ಕೆಳಗಿನದನ್ನು ನೋಡಿ. ಒಪ್ಪಬಹುದೇ? ನಾಳೆ ಸಂಜೆಯೊಳಗೆ ಉತ್ತರ ಕೊಡಬೇಕು.’

ಕೆಳಗೆ ಕಂಪನಿಯವರ ಮೂರೇ ಸಾಲುಗಳಿವೆ: ‘ಕಂತಿನಲ್ಲಿ ಹಣ ಕೊಡುವುದಕ್ಕೆ ನಮ್ಮ ಒಪ್ಪಿಗೆ ಇದೆ. ಉಳಿದ ಷರತ್ತುಗಳು ಹಿಂದೆ ಹೇಳಿದಂತೆಯೇ. ಎರಡನೆಯದನ್ನೇ ಅಂತಿಮ ಮಾಡೋಣವೇ?’

ಪ್ರಶ್ನೆ ಸರಳವಾಗಿದೆ, ಹೌದು ಅಥವಾ ಇಲ್ಲ ಎಂದರೆ ಸಾಕು ಎನ್ನಿಸುತ್ತದೆ. ಆದರೆ ಏನಕ್ಕೆ ಹೌದು ಎನ್ನಬೇಕು? ‘ಎರಡನೆಯದು’ ಯಾವುದು, ‘ಹಿಂದೆ ಹೇಳಿದ’ ಷರತ್ತುಗಳು ಯಾವುವು ಎಂಬುದಕ್ಕೆ ಆ ಮೇಲ್‌ನಲ್ಲಿ ಉತ್ತರವಿಲ್ಲ. ಅದಿರುವುದು ಹಿಂದಿನ ಮೇಲ್‌ಗಳಲ್ಲಿ, ಅವು ಖಜಾಂಚಿಯವರ ಕೈ ಸೇರಿಲ್ಲ. ಕಚೇರಿ, ಶಾಲೆ, ಸಹಕಾರ ಸಂಘ, ಮದುವೆಯ ಏರ್ಪಾಟು, ಎಲ್ಲಿ ಮೇಲ್ ನಡೆಯುತ್ತದೋ ಅಲ್ಲೆಲ್ಲ ಇಂಥ ಪ್ರಶ್ನೆಗಳು ದಿನವೂ ಬರುತ್ತವೆ. ಬಹಳ ಜನ ತಮಗೆ ಗೊತ್ತಿರುವುದನ್ನು ಆ ಖಾಲಿ ಜಾಗಕ್ಕೆ ತುಂಬಿಕೊಂಡು ಉತ್ತರ ಕೊಟ್ಟುಬಿಡುತ್ತಾರೆ. ತೊಂದರೆ ಹುಟ್ಟುವುದು ಅಲ್ಲಿಂದ.

ಕಳಿಸಿದವರಿಗೆ ಏಕೆ ಗೊತ್ತಾಗುವುದಿಲ್ಲ

ಕಾರ್ಯದರ್ಶಿ ಬೇಕೆಂದು ಏನನ್ನೂ ಮುಚ್ಚಿಟ್ಟಿಲ್ಲ. ಅವರ ಪರದೆಯ ಮೇಲೆ ಹತ್ತು ದಿನಗಳ ಮಾತುಕತೆ ಒಂದರ ಕೆಳಗೊಂದು ಪೂರ್ತಿಯಾಗಿ ಕಾಣುತ್ತಿದೆ. ‘ಫಾರ್ವರ್ಡ್’ ಒತ್ತಿದಾಗ ಅದಷ್ಟೂ ಹೋಯಿತು ಎಂದೇ ಅವರ ನಂಬಿಕೆ. ಈ ನಂಬಿಕೆ ಏಕೆ ತಪ್ಪು ಎಂದು ತಿಳಿಯಲು ಮೇಲ್‌ನ ಸರಪಳಿ ಹೇಗೆ ಹುಟ್ಟುತ್ತದೆ ಎಂಬುದನ್ನು ನೋಡಬೇಕು.

ಹಳೆಯ ಸರ್ಕಾರಿ ಕಚೇರಿಯ ಕಡತದಲ್ಲಿ ಕಾಗದಗಳನ್ನು ದಾರದಿಂದ ಪೋಣಿಸಿ ಪುಟಸಂಖ್ಯೆ ಹಾಕಿರುತ್ತಾರೆ. ಏಳನೇ ಪುಟ ಆದಮೇಲೆ ಒಂಬತ್ತು ಬಂದರೆ ಎಂಟು ಕಾಣೆಯಾಗಿದೆ ಎಂದು ಯಾರಿಗಾದರೂ ತಿಳಿಯುತ್ತದೆ. ಮೇಲ್‌ಗೆ ಅಂಥ ದಾರವಿಲ್ಲ. ಪ್ರತಿಯೊಂದು ಮೇಲ್ ಕೂಡ ಬೇರೆ ಬೇರೆ ಕಾಗದವೇ. ಒಂದೇ ಮಾತುಕತೆಗೆ ಸೇರಿದ ಮೇಲ್‌ಗಳನ್ನು ನಮ್ಮ ಇನ್‌ಬಾಕ್ಸ್ ಗುರುತಿಸಿ, ಒಟ್ಟುಗೂಡಿಸಿ ತೋರಿಸುತ್ತದೆ, ಅಷ್ಟೆ. ಆ ಜೋಡಣೆ ಇರುವುದು ಅವರವರ ಪೆಟ್ಟಿಗೆಯ ಮಟ್ಟಿಗೆ.

ಹೀಗೆ ಗುರುತಿಸಲು ಪ್ರತಿ ಮೇಲ್‌ನ ತಲೆಬರಹದಲ್ಲಿ ಕೆಲವು ಸಾಲುಗಳಿರುತ್ತವೆ. ಸಾಮಾನ್ಯವಾಗಿ ಅವು ನಮ್ಮ ಕಣ್ಣಿಗೆ ಬೀಳುವುದಿಲ್ಲ. 1982ರಲ್ಲಿ ಹೊರಬಂದ ಆರ್‌ಎಫ್‌ಸಿ 822 ಎಂಬ ನಿಯಮಾವಳಿಯಲ್ಲೇ ಅವು ಇದ್ದವು. 2008ರ ಆರ್‌ಎಫ್‌ಸಿ 5322 ಅವನ್ನು ಇನ್ನಷ್ಟು ಬಿಗಿಗೊಳಿಸಿತು. ನಮ್ಮ ಲಿಫ್ಟ್ ಮಾತುಕತೆಯ ಐದನೇ ಮೇಲ್‌ನಲ್ಲಿ ಅವು ಹೀಗಿರಬಹುದು:

```
Message-ID: <m5@example.com>
In-Reply-To: <m4@example.com>
References: <m1@example.com> <m2@example.com>
 <m3@example.com> <m4@example.com>
```

ಮೊದಲನೆಯದು ಈ ಮೇಲ್‌ನ ಸ್ವಂತ ಗುರುತು. ಎರಡನೆಯದು ಇದು ಯಾವ ಮೇಲ್‌ಗೆ ಉತ್ತರ ಎಂದು ಹೇಳುತ್ತದೆ. ಮೂರನೆಯದು ಇದರ ವಂಶಾವಳಿ, ಮೊದಲ ಮೇಲ್‌ನಿಂದ ಹಿಡಿದು ಇಲ್ಲಿಯವರೆಗೆ. ಆದರೆ ಇವು ಬರೀ ಹೆಸರುಗಳು, ವಿಳಾಸಗಳಲ್ಲ. ವೆಬ್ ಕೊಂಡಿಯನ್ನು ಒತ್ತಿದರೆ ಪುಟ ತೆರೆದುಕೊಳ್ಳುವಂತೆ ಈ ಗುರುತನ್ನು ಹಿಡಿದು ಹೋದರೆ ಹಳೆಯ ಮೇಲ್ ಸಿಗುವುದಿಲ್ಲ. ಆ ಹೆಸರಿನ ಮೇಲ್ ಕಾರ್ಯದರ್ಶಿಯ ಪೆಟ್ಟಿಗೆಯಲ್ಲಿ ಇರುವುದರಿಂದ ಅವರಿಗೆ ಸರಪಳಿ ಕಾಣುತ್ತದೆ. ಖಜಾಂಚಿಯವರ ಪೆಟ್ಟಿಗೆಯಲ್ಲಿ ಅದು ಇಲ್ಲದ್ದರಿಂದ ಅವರಿಗೆ ಒಂದು ಕೊಂಡಿ ಮಾತ್ರ ಕಾಣುತ್ತದೆ.

ಹಾಗಾದರೆ ಫಾರ್ವರ್ಡ್ ಆದ ಮೇಲ್‌ನಲ್ಲಿ ಕೆಲವೊಮ್ಮೆ ಹಳೆಯ ಮಾತುಕತೆಯೆಲ್ಲ ಬರುತ್ತದಲ್ಲ, ಅದು ಎಲ್ಲಿಂದ ಬಂತು? ರಿಪ್ಲೈ ಒತ್ತಿದಾಗ ಹಿಂದಿನ ಮೇಲ್‌ನ ಪಠ್ಯವನ್ನು ಹೊಸ ಮೇಲ್‌ನ ಕೆಳಗೆ ನಕಲು ಮಾಡಿಡುವುದು ಬಹುತೇಕ ಮೇಲ್ ತಂತ್ರಾಂಶಗಳ ರೂಢಿ. ಪ್ರತಿ ಉತ್ತರಕ್ಕೂ ಹೀಗೆ ನಕಲು ಸೇರಿ ಸೇರಿ ಕೊನೆಯ ಮೇಲ್‌ನ ಹೊಟ್ಟೆಯಲ್ಲಿ ಎಲ್ಲವೂ ಕೂಡುತ್ತದೆ. ಅದಕ್ಕೇ ಕೊನೆಯದನ್ನು ಕಳಿಸಿದರೆ ಸಾಕು ಎಂಬ ಅಭ್ಯಾಸ ಬೆಳೆದಿದೆ. ಆದರೆ ನಡುವೆ ಯಾರಾದರೊಬ್ಬರು ಆ ನಕಲನ್ನು ಅಳಿಸಿದರೆ ಅಲ್ಲಿಗೆ ಸರಪಳಿ ಕಡಿದಂತೆಯೇ. ನಮ್ಮ ಉದಾಹರಣೆಯಲ್ಲಿ ಕಂಪನಿಯವರು ಮೊಬೈಲ್‌ನಿಂದ ಉತ್ತರಿಸುವಾಗ ಕೆಳಗಿನದನ್ನೆಲ್ಲ ಅಳಿಸಿ ಮೂರು ಸಾಲು ಬರೆದರು. ಕಾರ್ಯದರ್ಶಿಯ ಪೆಟ್ಟಿಗೆ ವಂಶಾವಳಿಯ ಸಾಲನ್ನು ನೋಡಿ ಅದನ್ನೂ ಹಳೆಯ ಮಾತುಕತೆಗೆ ಸೇರಿಸಿ ತೋರಿಸಿತು. ಹಾಗಾಗಿ ಅವರಿಗೆ ಏನೂ ಕಡಿಮೆಯಾದಂತೆ ಕಾಣಲಿಲ್ಲ. ಫಾರ್ವರ್ಡ್ ಮಾಡಿದಾಗ ಹೋದದ್ದು ಆ ಮೂರು ಸಾಲು ಮಾತ್ರ.

ಇದಲ್ಲದೆ ಸರಪಳಿ ಇನ್ನೆರಡು ರೀತಿಯಲ್ಲಿ ಸೋರುತ್ತದೆ. ರಿಪ್ಲೈ ಮಾಡಿದಾಗ ಪಠ್ಯ ಜೊತೆಗೆ ಬರುತ್ತದೆಯೇ ಹೊರತು ಲಗತ್ತಿಸಿದ ಕಡತ ಬರುವುದಿಲ್ಲ. ಮೊದಲ ಮೇಲ್‌ಗೆ ಪಿಡಿಎಫ್ ಕೊಟೇಶನ್ ಅಂಟಿಸಿದ್ದರೆ ಎರಡನೇ ಮೇಲ್‌ನಿಂದಲೇ ಅದು ಮಾಯ. ಹೀಗಾಗಿ ಒಂದಕ್ಷರವೂ ಅಳಿಸದ ಸರಪಳಿಯಲ್ಲಿ ಕೂಡ ದರಪಟ್ಟಿ ಇರುವುದಿಲ್ಲ. ಇನ್ನೊಂದು, ಕವಲು. ಒಂದೇ ಮೇಲ್‌ಗೆ ಇಬ್ಬರು ಬೇರೆ ಬೇರೆ ಉತ್ತರ ಬರೆದರೆ ಮಾತುಕತೆ ಎರಡು ದಾರಿ ಹಿಡಿಯುತ್ತದೆ. ಒಂದು ಕವಲಿನ ತುದಿಯನ್ನು ಫಾರ್ವರ್ಡ್ ಮಾಡಿದರೆ ಇನ್ನೊಂದು ಕವಲಿನ ಮಾತು ಅದರಲ್ಲಿರುವುದಿಲ್ಲ.

ಕಾಣದ ನಾಲ್ಕು ಮೇಲ್‌ಗಳಲ್ಲಿ ಏನಿತ್ತು

ಈಗ ಕಾರ್ಯದರ್ಶಿಯ ಪೆಟ್ಟಿಗೆಯಲ್ಲಿ ಉಳಿದ ಮೇಲ್‌ಗಳನ್ನು ತೆರೆದು ನೋಡೋಣ. ಇಲ್ಲಿನ ದರಗಳು ಉದಾಹರಣೆಗಷ್ಟೇ.

ಮೊದಲ ಮೇಲ್‌ನಲ್ಲಿ ಕಂಪನಿ ಪಿಡಿಎಫ್ ಕಳಿಸಿತ್ತು. ಅದರಲ್ಲಿ ಎರಡು ಆಯ್ಕೆಗಳಿದ್ದವು. ಒಂದು, ಬರೀ ಸರ್ವಿಸ್. ಬಿಡಿಭಾಗಗಳಿಗೆ ಬೇರೆ ಹಣ. ಲಿಫ್ಟ್ ಒಂದಕ್ಕೆ ವರ್ಷಕ್ಕೆ 45,000 ರೂಪಾಯಿ. ಎರಡು, ಎಲ್ಲ ಬಿಡಿಭಾಗಗಳೂ ಸೇರಿದ ಪೂರ್ಣ ಗುತ್ತಿಗೆ; ಲಿಫ್ಟ್ ಒಂದಕ್ಕೆ 90,000 ರೂಪಾಯಿ. ಈ ಮೇಲ್‌ನ ಪ್ರತಿ ಮಾತ್ರ ಖಜಾಂಚಿಯವರಿಗೂ ಬಂದಿತ್ತು.

ಎರಡನೇ ಮೇಲ್‌ನಲ್ಲಿ ಕಾರ್ಯದರ್ಶಿ, ‘ಮೊದಲನೆಯದರಲ್ಲಿ ಯಾವಾಗ ಎಷ್ಟು ಖರ್ಚು ಬರುತ್ತದೋ ಹೇಳಲಾಗದು, ಎರಡನೆಯದು ದುಬಾರಿ, ನಡುವೆ ಏನಾದರೂ ಇದೆಯೇ?’ ಎಂದು ಕೇಳಿದ್ದರು. ಮೂರನೇ ಮೇಲ್‌ನಲ್ಲಿ ಕಂಪನಿ ಹೊಸ ಪಟ್ಟಿ ಕೊಟ್ಟಿತು. ಈಗ ಮೂರು ಆಯ್ಕೆಗಳಾದವು. ಬರೀ ಸರ್ವಿಸ್ ಮೊದಲಿನಂತೆಯೇ ಒಂದನೆಯದು. ಸಣ್ಣಪುಟ್ಟ ಬಿಡಿಭಾಗಗಳು ಸೇರಿ, ಉಕ್ಕಿನ ಹಗ್ಗ, ಮೋಟಾರು ಮತ್ತು ಕಂಟ್ರೋಲ್ ಬೋರ್ಡ್ ಮಾತ್ರ ಸೇರದ ಗುತ್ತಿಗೆ 68,000 ರೂಪಾಯಿಗೆ ಎರಡನೆಯದಾಯಿತು. ಪೂರ್ಣ ಗುತ್ತಿಗೆ ಮೂರನೇ ಸ್ಥಾನಕ್ಕೆ ಜಾರಿತು. ಪಟ್ಟಿಯ ಕೆಳಗೆ ಒಂದು ಸಾಲಿತ್ತು: ‘ಈ ದರ ಎರಡು ವರ್ಷದ ಒಪ್ಪಂದಕ್ಕೆ ಮಾತ್ರ. ಜಿಎಸ್‌ಟಿ ಪ್ರತ್ಯೇಕ.’ ನಾಲ್ಕನೇ ಮೇಲ್‌ನಲ್ಲಿ ಕಾರ್ಯದರ್ಶಿ, ಪೂರ್ತಿ ಹಣವನ್ನು ಮುಂಗಡವಾಗಿ ಕೊಡಲಾಗದು, ಮೂರು ತಿಂಗಳಿಗೊಂದು ಕಂತು ಆಗಬಹುದೇ ಎಂದರು. ಐದನೆಯದೇ ಖಜಾಂಚಿಯವರಿಗೆ ಬಂದ ಮೂರು ಸಾಲು.

ಖಜಾಂಚಿಯವರಿಗೆ ಗೊತ್ತಿದ್ದದ್ದು ಮೊದಲ ಪಟ್ಟಿ ಒಂದೇ. ಅದರ ಪ್ರಕಾರ ಎರಡನೆಯದು ಎಂದರೆ ಪೂರ್ಣ ಗುತ್ತಿಗೆ. ಎರಡು ಲಿಫ್ಟ್‌ಗೆ 1,80,000 ರೂಪಾಯಿ, ಶೇಕಡಾ 18 ಜಿಎಸ್‌ಟಿ ಸೇರಿ 2,12,400 ರೂಪಾಯಿ. ಅಷ್ಟು ಹಣ ಇದೆ, ಒಪ್ಪಿಗೆ ಎಂದು ಅವರು ಬರೆದರು. ಕಂಪನಿ ಅರ್ಥ ಮಾಡಿಕೊಂಡದ್ದು 1,36,000 ರೂಪಾಯಿಯ, ತೆರಿಗೆ ಸೇರಿ ವರ್ಷಕ್ಕೆ 1,60,480 ರೂಪಾಯಿಯ ಅರೆ ಗುತ್ತಿಗೆ, ಅದೂ ಎರಡು ವರ್ಷಕ್ಕೆ. ಯಾರೂ ಸುಳ್ಳು ಹೇಳಲಿಲ್ಲ. ಒಂದೇ ‘ಹೌದು’ ಎರಡು ಬೇರೆ ಒಪ್ಪಂದಗಳಾಯಿತು.

ಇಂಥ ತಪ್ಪು ಬೇಗ ಬಯಲಾಗುವುದಿಲ್ಲ. ಮೊದಲ ಕಂತಿನ ಬಿಲ್ಲು 53,100 ರೂಪಾಯಿಯ ಬದಲು 40,120 ರೂಪಾಯಿಗೆ ಬರುತ್ತದೆ. ಕಾರ್ಯದರ್ಶಿ ಚೌಕಾಸಿ ಮಾಡಿ ಕಡಿಮೆ ಮಾಡಿಸಿದ್ದಾರೆ ಎಂದು ಖಜಾಂಚಿಯವರಿಗೆ ಸಂತೋಷವೇ ಆಗಬಹುದು. ಹಗ್ಗ ಸವೆದು ಬದಲಿಸಬೇಕಾದ ದಿನ, ಅದು ಗುತ್ತಿಗೆಯಲ್ಲಿ ಸೇರಿಲ್ಲ ಎಂದು ಕಂಪನಿ ಬೇರೆ ಬಿಲ್ಲು ಕೊಟ್ಟಾಗ ಜಗಳ ಶುರುವಾಗುತ್ತದೆ. ಬಿಡೋಣ ಎಂದರೆ ಎರಡು ವರ್ಷದ ಕಟ್ಟು ಅಡ್ಡ ಬರುತ್ತದೆ.

ಏನೋ ಕಾಣೆಯಾಗಿದೆ ಎಂದು ತಿಳಿಯುವುದು ಹೇಗೆ

ಮೊದಲು ಒಂದು ಎಚ್ಚರಿಕೆ. ಕಾಣದ್ದೆಲ್ಲ ಕಾಣೆಯಾದದ್ದಲ್ಲ. ಜಿಮೇಲ್ ಮೊದಲಾದ ಸೇವೆಗಳು ಹಳೆಯ ಪಠ್ಯವನ್ನು ಮಡಚಿ ಮೂರು ಚುಕ್ಕಿಯ ಸಣ್ಣ ಗುಂಡಿಯ ಹಿಂದೆ ಇಡುತ್ತವೆ. ಅದನ್ನು ಒತ್ತಿ ನೋಡಬೇಕು. ಮೇಲ್ ತುಂಬ ಉದ್ದವಾದರೆ, ಸುಮಾರು 102 ಕಿಲೋಬೈಟ್ ದಾಟಿದರೆ, ಜಿಮೇಲ್ ಅದನ್ನು ಅಲ್ಲಿಗೆ ನಿಲ್ಲಿಸಿ ಕೊನೆಯಲ್ಲಿ `[Message clipped]` ಎಂದು ತೋರಿಸುತ್ತದೆ; ಪಕ್ಕದ `View entire message` ಒತ್ತಿದರೆ ಉಳಿದದ್ದು ತೆರೆಯುತ್ತದೆ. ಇವೆರಡೂ ಆದಮೇಲೂ ಸಿಗದಿದ್ದರೆ ಅದು ನಿಜವಾಗಿ ಬಂದಿಲ್ಲ.

ನಂತರ ಪಠ್ಯವನ್ನೇ ಓದಬೇಕು, ಆದರೆ ಹೊರಗಿನವರು ಓದಿದಂತೆ. ಹಿಂದಕ್ಕೆ ಬೆರಳು ತೋರಿಸುವ ಪ್ರತಿ ಮಾತನ್ನೂ ಗುರುತು ಹಾಕಿಕೊಳ್ಳಿ: ಎರಡನೆಯದು, ಅದೇ ದರ, ಹಿಂದೆ ಹೇಳಿದಂತೆ, ಮೇಲಿನ ಪಟ್ಟಿ, ಅವರು ಕೇಳಿದ ಬದಲಾವಣೆ. ಪ್ರತಿಯೊಂದಕ್ಕೂ, ಇದು ತೋರಿಸುವ ವಸ್ತು ಈ ಮೇಲ್‌ನೊಳಗೆ ಎಲ್ಲಿದೆ ಎಂದು ಕೇಳಿಕೊಳ್ಳಿ. ಬೆರಳಿಟ್ಟು ತೋರಿಸಲು ಆಗದಿದ್ದರೆ ಅಲ್ಲೊಂದು ತೂತಿದೆ. ನಮ್ಮ ಮೂರು ಸಾಲಿನಲ್ಲಿ ಇಂಥ ಮೂರು ತೂತುಗಳಿವೆ. ಕಂತು ಯಾವ ಲೆಕ್ಕದ್ದು ಎಂಬುದು ಒಂದು, ಉಳಿದ ಷರತ್ತು ಇನ್ನೊಂದು, ಎರಡನೆಯದು ಮತ್ತೊಂದು. ತನಗೆ ಗೊತ್ತಿದೆ ಎನ್ನಿಸುವ ತೂತೇ ಹೆಚ್ಚು ಅಪಾಯ. ಖಜಾಂಚಿಯವರಿಗೆ ಹಳೆಯ ಪಿಡಿಎಫ್ ನೆನಪಿಲ್ಲದಿದ್ದರೆ ಅವರು ಖಂಡಿತ ಕೇಳುತ್ತಿದ್ದರು, ನೆನಪಿದ್ದದ್ದರಿಂದಲೇ ಕೇಳಲಿಲ್ಲ.

ದಿನಾಂಕಗಳೂ ಸುಳಿವು ಕೊಡುತ್ತವೆ. ನಿಮ್ಮ ಕೈಯಲ್ಲಿರುವ ಹಿಂದಿನ ಮೇಲ್‌ಗೂ ಈಗ ಬಂದದ್ದಕ್ಕೂ ಒಂದು ವಾರದ ಅಂತರವಿದ್ದು, ಆ ನಡುವೆ ಮಾತು ಮುಂದುವರಿದಂತೆ ಕಂಡರೆ ನಡುವಿನದು ನಿಮಗೆ ಬಂದಿಲ್ಲ. ಇಲ್ಲಿ ಕಂತಿನ ಮಾತು ಮೊದಲ ಕೊಟೇಶನ್‌ನಲ್ಲಿ ಇರಲೇ ಇಲ್ಲ. ಅದನ್ನು ಯಾರೋ ಆಮೇಲೆ ಎತ್ತಿದ್ದಾರೆ ಎಂಬುದೇ ನಡುವೆ ಬೇರೆ ಮೇಲ್‌ಗಳಿವೆ ಎಂಬುದಕ್ಕೆ ಸಾಕ್ಷಿ. ವಿಷಯದ ಸಾಲಿನಲ್ಲಿ ಇರುವ `Re:` ಎಂಬ ಗುರುತನ್ನು ಎಣಿಸಿ ಪ್ರಯೋಜನವಿಲ್ಲ. ಎಷ್ಟು ಉತ್ತರಗಳಾದರೂ ಅನೇಕ ತಂತ್ರಾಂಶಗಳು ಒಂದನ್ನೇ ಉಳಿಸುತ್ತವೆ.

ಇನ್ನೂ ಖಚಿತವಾದ ಪರೀಕ್ಷೆ ಒಂದಿದೆ, ಆದರೆ ಅದಕ್ಕೆ ಮೂಲ ಮೇಲ್ ಕಡತದ ರೂಪದಲ್ಲೇ ಬರಬೇಕು. ಸಾಮಾನ್ಯ ಫಾರ್ವರ್ಡ್‌ನಲ್ಲಿ ಮೂಲದ ತಲೆಬರಹ ಉದುರಿಹೋಗಿ ಯಾರಿಂದ, ಯಾರಿಗೆ, ಯಾವಾಗ, ಏನು ವಿಷಯ ಎಂಬಷ್ಟೇ ಪಠ್ಯವಾಗಿ ಉಳಿಯುತ್ತದೆ. ಆ ಪಠ್ಯವನ್ನು ಕಳಿಸುವವರು ತಿದ್ದಲೂಬಹುದು. ಅದರ ಬದಲು ಲಗತ್ತಾಗಿ ಫಾರ್ವರ್ಡ್ ಮಾಡಿದರೆ `.eml` ಎಂದು ಕೊನೆಯಾಗುವ ಕಡತ ಬರುತ್ತದೆ. ಅದರಲ್ಲಿ ಮೂಲ ತಲೆಬರಹ ಹಾಗೆಯೇ ಇರುತ್ತದೆ. ಅದನ್ನು ಸಾದಾ ಪಠ್ಯವಾಗಿ ತೆರೆದು `References` ಸಾಲಿನಲ್ಲಿ ಎಷ್ಟು ಗುರುತುಗಳಿವೆ ಎಂದು ಎಣಿಸಬಹುದು. ನಾಲ್ಕು ಗುರುತುಗಳಿದ್ದು ನಿಮ್ಮ ಬಳಿ ಮೊದಲನೆಯದೊಂದೇ ಇದ್ದರೆ ಮೂರು ಮೇಲ್ ನಿಮಗೆ ಬಂದಿಲ್ಲ. ಕೆಲವು ತಂತ್ರಾಂಶಗಳು ಉದ್ದದ ಪಟ್ಟಿಯನ್ನು ಮೊಟಕು ಮಾಡುತ್ತವೆ, ಹೊಸದಾಗಿ ಬರೆಯಲು ತೊಡಗಿದ ಮೇಲ್‌ನಲ್ಲಿ ವಂಶಾವಳಿಯೇ ಇರುವುದಿಲ್ಲ. ಆದ್ದರಿಂದ ಈ ಎಣಿಕೆಯನ್ನು ‘ಕನಿಷ್ಠ ಇಷ್ಟು’ ಎಂದು ತಿಳಿಯಬೇಕು.

ಉತ್ತರ ಬರೆಯುವ ರೀತಿ

‘ಪೂರ್ತಿ ಮೇಲ್ ಕಳಿಸಿ’ ಎಂದು ಕೇಳುವುದು ಸಹಜ, ಆದರೆ ಅದರಿಂದ ಬಹಳ ಸಲ ಅದೇ ಮೂರು ಸಾಲು ಮತ್ತೆ ಬರುತ್ತದೆ, ಏಕೆಂದರೆ ಕಳಿಸುವವರ ಪರದೆಯಲ್ಲಿ ಅದು ಪೂರ್ತಿಯಾಗಿಯೇ ಇದೆ. ಬೇಕಾದದ್ದನ್ನು ಹೆಸರಿಟ್ಟು ಕೇಳಬೇಕು. ‘ಜೂನ್ 3ರ ಪಿಡಿಎಫ್ ನನ್ನ ಬಳಿ ಇದೆ. ಅದಾದ ಮೇಲೆ ಕಂಪನಿಯವರು ದರ ಬದಲಿಸಿ ಬರೆದ ಮೇಲ್ ಇದ್ದರೆ ಅದನ್ನೂ ಅದರ ಲಗತ್ತನ್ನೂ ಕಳಿಸಿ ಸಾರ್’ ಎಂದರೆ ಕಾರ್ಯದರ್ಶಿಗೆ ಏನು ಹುಡುಕಬೇಕೆಂದು ಗೊತ್ತಾಗುತ್ತದೆ.

ಅಷ್ಟು ಸಮಯವಿಲ್ಲದಿದ್ದರೆ ಉತ್ತರದೊಳಗೇ ನಿಮ್ಮ ತಿಳಿವಳಿಕೆಯನ್ನು ಬಿಡಿಸಿ ಬರೆಯಿರಿ: ‘ಎರಡನೆಯದು ಎಂದರೆ ಎಲ್ಲ ಬಿಡಿಭಾಗ ಸೇರಿದ, ಲಿಫ್ಟ್ ಒಂದಕ್ಕೆ 90,000 ರೂಪಾಯಿಯ, ಒಂದು ವರ್ಷದ ಗುತ್ತಿಗೆ ಎಂದು ತಿಳಿದಿದ್ದೇನೆ. ಅದಾದರೆ ನನ್ನ ಒಪ್ಪಿಗೆ ಇದೆ. ಬೇರೆಯಾದರೆ ಮುಂದುವರಿಯಬೇಡಿ, ನನಗೆ ಫೋನ್ ಮಾಡಿ.’ ಹೀಗೆ ಬರೆದರೆ ಹಳೆಯ ಮೇಲ್ ಯಾರೂ ತೆರೆಯದಿದ್ದರೂ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಕಾರ್ಯದರ್ಶಿ 90,000 ಎಂಬ ಅಂಕಿ ನೋಡಿದ ಕೂಡಲೇ ‘ಅಲ್ಲ ಮೇಡಂ, ಅದು 68,000 ರೂಪಾಯಿಯದು’ ಎನ್ನುತ್ತಾರೆ. ಬರೀ ‘ಒಪ್ಪಿಗೆ’ ಎಂದಿದ್ದರೆ ತಿದ್ದಲು ಅವರಿಗೆ ಏನೂ ಸಿಗುತ್ತಿರಲಿಲ್ಲ.

ಎಷ್ಟು ಕಳಿಸಬೇಕು, ಎಷ್ಟು ಕತ್ತರಿಸಬೇಕು

ಕಳಿಸುವವರ ಪಾಲಿನ ಕೆಲಸ ಇದಕ್ಕಿಂತ ಸುಲಭ, ಏಕೆಂದರೆ ಎಲ್ಲವೂ ಅವರ ಕಣ್ಣೆದುರಿಗಿದೆ. ಜಿಮೇಲ್ ಅನ್ನು ಕಂಪ್ಯೂಟರಿನಲ್ಲಿ ತೆರೆದಾಗ ಮಾತುಕತೆಯ ಮೇಲ್ಭಾಗದ ಮೂರು ಚುಕ್ಕಿಯ ಪಟ್ಟಿಯಲ್ಲಿ `Forward all` ಎಂಬ ಆಯ್ಕೆ ಇದೆ. ಅದು ಇಡೀ ಮಾತುಕತೆಯನ್ನು ಕಳಿಸುತ್ತದೆ. ಬೇಕಾದ ಮೇಲ್‌ಗಳನ್ನು ಆರಿಸಿ `Forward as attachment` ಒತ್ತಿದರೆ ಅವು ಮೂಲ ಕಡತಗಳಾಗಿ ಹೋಗುತ್ತವೆ. ಔಟ್‌ಲುಕ್ ಮತ್ತು ಥಂಡರ್‌ಬರ್ಡ್‌ನಲ್ಲೂ ಲಗತ್ತಾಗಿ ಕಳಿಸುವ ಸೌಲಭ್ಯವಿದೆ. ಕಳಿಸುವ ಮೊದಲು ಕೊಟೇಶನ್‌ನ ಪಿಡಿಎಫ್ ಜೊತೆಗಿದೆಯೇ ಎಂದು ಕಣ್ಣು ಹಾಯಿಸಬೇಕು.

ಹಾಗೆಂದು ಎಲ್ಲವನ್ನೂ ಎಲ್ಲರಿಗೂ ಕಳಿಸುವುದು ಪರಿಹಾರವಲ್ಲ. ಹತ್ತು ದಿನಗಳ ಮಾತುಕತೆಯಲ್ಲಿ ಬೇರೆ ಕಂಪನಿಯ ದರ, ನಿವಾಸಿಗಳ ಫೋನ್ ಸಂಖ್ಯೆ, ಯಾರ ಬಗೆಗೋ ಆಡಿದ ಮಾತು ಎಲ್ಲ ಇರಬಹುದು. ಕತ್ತರಿಸುವುದರಲ್ಲಿ ತಪ್ಪಿಲ್ಲ, ಕೆಲವೊಮ್ಮೆ ಅದು ಕರ್ತವ್ಯವೇ. 1995ರಲ್ಲಿ ಇಂಟೆಲ್‌ನ ಸ್ಯಾಲಿ ಹ್ಯಾಂಬ್ರಿಜ್ ಬರೆದ ಆರ್‌ಎಫ್‌ಸಿ 1855 ಎಂಬ ಅಂತರ್ಜಾಲ ಶಿಷ್ಟಾಚಾರದ ಕೈಪಿಡಿ ಕೂಡ ಉತ್ತರಿಸುವಾಗ ಮೂಲದ ಸಾರಾಂಶವನ್ನು ಮೇಲೆ ಕೊಡಿ, ಇಲ್ಲವೇ ಸಂದರ್ಭ ತಿಳಿಯುವಷ್ಟು ಮಾತ್ರ ಮೂಲವನ್ನು ಸೇರಿಸಿ ಎಂದಿತು. ಕತ್ತರಿಸಿದ ಜಾಗದಲ್ಲಿ ಒಂದು ಗುರುತು ಬಿಟ್ಟರಂತೂ ಓದುವವರಿಗೆ ದೊಡ್ಡ ಉಪಕಾರ: ‘ಇಲ್ಲಿ ಬೇರೆ ಕಂಪನಿಯ ದರದ ಬಗ್ಗೆ ಎರಡು ಮೇಲ್ ಬಿಟ್ಟಿದ್ದೇನೆ.’ ಆಮೇಲೆ ಪ್ರಶ್ನೆಯನ್ನು ತನ್ನ ಕಾಲ ಮೇಲೆ ತಾನೇ ನಿಲ್ಲುವಂತೆ ಬರೆಯಬೇಕು: ‘ಹಗ್ಗ, ಮೋಟಾರು, ಕಂಟ್ರೋಲ್ ಬೋರ್ಡ್ ಬಿಟ್ಟು ಉಳಿದ ಭಾಗಗಳು ಸೇರಿದ ಗುತ್ತಿಗೆ, ಎರಡು ಲಿಫ್ಟ್‌ಗೆ ತೆರಿಗೆ ಸೇರಿ ವರ್ಷಕ್ಕೆ 1,60,480 ರೂಪಾಯಿ, ಎರಡು ವರ್ಷಕ್ಕೆ, ಮೂರು ತಿಂಗಳಿಗೊಂದು ಕಂತು. ಒಪ್ಪಬಹುದೇ ಮೇಡಂ?’ ಇದಕ್ಕೆ ಹಿಂದಿನ ಒಂದೂ ಮೇಲ್ ಬೇಕಾಗಿಲ್ಲ.

ಒಂದು ಸಾಲಿನ ಒಪ್ಪಿಗೆಯ ತೂಕ

ಮೇಲ್‌ನಲ್ಲಿ ಬರೆದ ಒಂದು ಸಾಲಿಗೆ ಎಷ್ಟು ಬೆಲೆ ಎಂದು ಕೇಳುವವರು ಟ್ರೈಮೆಕ್ಸ್ ಇಂಟರ್‌ನ್ಯಾಷನಲ್ ಮತ್ತು ವೇದಾಂತ ಅಲ್ಯೂಮಿನಿಯಂ ನಡುವಿನ ಪ್ರಕರಣವನ್ನು ನೋಡಬೇಕು. 2007ರ ಅಕ್ಟೋಬರ್ 15ರಂದು ಟ್ರೈಮೆಕ್ಸ್ ಬಾಕ್ಸೈಟ್ ಪೂರೈಸುವ ಪ್ರಸ್ತಾಪವನ್ನು ಇ-ಮೇಲ್‌ನಲ್ಲಿ ಕಳಿಸಿತು. ಕೆಲವು ಮೇಲ್‌ಗಳು ಅತ್ತಿತ್ತ ಹೋದ ಮೇಲೆ ಮರುದಿನ ವೇದಾಂತ ಐದು ಹಡಗಿನ ಸರಕಿಗೆ ಒಪ್ಪಿಗೆ ತಿಳಿಸಿತು. ಮುಂದೆ ವಿವಾದವಾದಾಗ ವಿಧ್ಯುಕ್ತ ಕರಾರಿಗೆ ಸಹಿ ಬಿದ್ದಿಲ್ಲ, ಆದ್ದರಿಂದ ಒಪ್ಪಂದವೇ ಆಗಿಲ್ಲ ಎಂಬ ವಾದ ಬಂತು. 2010ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ಒಪ್ಪಲಿಲ್ಲ. ಮೇಲ್‌ಗಳಲ್ಲೇ ಒಪ್ಪಂದ ಪೂರ್ಣವಾಗಿದೆ ಎಂದಿತು. ಆ ಒಪ್ಪಿಗೆ ಯಾವ ಸರಕಿಗೆ, ಯಾವ ಬೆಲೆಗೆ ಎಂಬುದನ್ನು ತಿಳಿಯಲು ನ್ಯಾಯಾಲಯ ಹಿಂದಿನ ಮೇಲ್‌ಗಳನ್ನು ಒಂದೊಂದಾಗಿ ಓದಬೇಕಾಯಿತು.

ಎಷ್ಟು ಹಿಂದಕ್ಕೆ ಓದಬೇಕು ಎಂಬುದಕ್ಕೂ ನಮ್ಮ ಕಾನೂನಿನಲ್ಲಿ ಅಳತೆಯಿದೆ. 1872ರ ಸಾಕ್ಷ್ಯ ಕಾಯ್ದೆಯ 39ನೇ ಕಲಂ, ಈಗ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 33ನೇ ಕಲಂ, ಇದನ್ನು ಹೇಳುತ್ತದೆ. ಒಂದು ಹೇಳಿಕೆ ದೊಡ್ಡ ಸಂಭಾಷಣೆಯ, ಪತ್ರಗಳ ಸರಣಿಯ ಅಥವಾ ವಿದ್ಯುನ್ಮಾನ ದಾಖಲೆಯ ಭಾಗವಾಗಿದ್ದರೆ, ಅದರ ಅರ್ಥ, ಪರಿಣಾಮ ಮತ್ತು ಸಂದರ್ಭ ಪೂರ್ತಿ ತಿಳಿಯಲು ನ್ಯಾಯಾಲಯಕ್ಕೆ ಅಗತ್ಯವೆನಿಸಿದಷ್ಟನ್ನು ಹಾಜರುಪಡಿಸಬೇಕು, ಅದಕ್ಕಿಂತ ಹೆಚ್ಚಿಲ್ಲ. ಫಾರ್ವರ್ಡ್ ಮಾಡುವವರಿಗೂ ಇದಕ್ಕಿಂತ ಒಳ್ಳೆಯ ಅಳತೆ ಸಿಗದು. ಈ ಮಾತುಕತೆಯ ಗಂಧವೂ ಇಲ್ಲದವರು ಇದನ್ನೊಂದನ್ನೇ ಓದಿ ಸರಿಯಾದ ‘ಹೌದು’ ಅಥವಾ ‘ಇಲ್ಲ’ ಹೇಳಬಲ್ಲರೇ? ಬಲ್ಲರು ಎನ್ನುವಷ್ಟು ಪಠ್ಯ ಇರಲಿ, ಉಳಿದದ್ದನ್ನು ಧಾರಾಳವಾಗಿ ಕತ್ತರಿಸಿ. ನ್ಯಾಯಾಲಯ ವರ್ಷಗಳ ನಂತರ ಕೇಳುವ ಪ್ರಶ್ನೆಯನ್ನು ಕಳಿಸುವ ಮುನ್ನವೇ ಒಂದು ನಿಮಿಷ ಕೇಳಿಕೊಂಡರೆ ನ್ಯಾಯಾಲಯದವರೆಗೆ ಹೋಗುವ ಪ್ರಸಂಗ ಬರುವುದಿಲ್ಲ.